ಮೂಲೆಯ ಒಂದು ದೀಪ ಯಾಕೆ ಆರಲಿಲ್ಲ

ನಮ್ಮ ದೊಡ್ಡಮ್ಮ ವಿಜ್ಞಾನ ಕೇಂದ್ರದಲ್ಲಿ ಕೆಲಸ ಮಾಡ್ತಾರೆ ಅಂದ ಕೂಡ್ಲೇ ಎಲ್ಲರೂ "ಓಹೋ, ವಿಜ್ಞಾನಿನಾ?" ಅಂತ ಕಣ್ಣರಳಿಸ್ತಾರೆ. ಅಲ್ಲ. ದೊಡ್ಡಮ್ಮ ರಿಪೇರಿ ಮಾಡ್ತಾರೆ. ಮಕ್ಕಳು ಗುಂಡಿ ಒತ್ತಿ ಒತ್ತಿ ಕಿತ್ತುಹಾಕಿದ್ದನ್ನ ಮತ್ತೆ ಕೂರಿಸ್ತಾರೆ, ತಿರುಗದೇ ಇರೋ ಗ್ರಹಗಳನ್ನ ತಿರುಗಿಸ್ತಾರೆ, ಮಾತಾಡೋದು ನಿಲ್ಲಿಸಿರೋ ಡೈನೋಸಾರ್ ಹೊಟ್ಟೆಗೆ ಕೈ ಹಾಕಿ ಕೂಗಿಸ್ತಾರೆ. ಇಪ್ಪತ್ಮೂರು ವರ್ಷದಿಂದ ಇದೇ. ಮೆಟ್ಟಿಲ ಕೆಳಗೆ ಅವರದ್ದೊಂದು ಕೋಣೆ, ಕೋಣೆಯಲ್ಲೊಂದು ಮೇಜು, ಮೇಜಿನ ಮೇಲೆ ಸೋಲ್ಡರಿಂಗ್ ಐರನ್ನು, ಮೀಟರು, ಕಿವಿ ಮುರಿದ ಟೀ ಕಪ್ಪಿನ ತುಂಬ ಸ್ಕ್ರೂ. ಆ ಕೋಣೆಯಿಂದ ದೊಡ್ಡಮ್ಮ ಹೊರಗೆ ಬಂದ್ರೆ ಏನೋ ಕೆಟ್ಟಿದೆ ಅಂತ ಅರ್ಥ, ಒಳಗೆ ಹೋದ್ರೆ ಅದು ಸರಿಯಾಗಿದೆ ಅಂತ ಅರ್ಥ. ಮಾತು ಇದೆರಡರ ಮಧ್ಯೆ ಎಲ್ಲೂ ಬರೋದಿಲ್ಲ. ದೊಡ್ಡಪ್ಪ ಟೈಲರ್, ಅವರು ಹೇಳೋದು, "ಮದುವೆಯಾದ ಹೊಸದರಲ್ಲಿ ನಾಚಿಕೆ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಇವಳಿಗೆ ಹೇಳೋಕೆ ಏನೂ ಇಲ್ಲ."

ಈ ದೊಡ್ಡಮ್ಮನ್ನ ಆ ಮೇಜಿಂದ ಎಬ್ಬಿಸಿ ಚಪ್ಪಲಿ ಸ್ಟ್ಯಾಂಡಲ್ಲಿ ಟೋಕನ್ ಕೊಡೋಕೆ ಕೂರಿಸಿಬಿಡೋದ್ರಲ್ಲಿದ್ರು, ಒಂದೇ ಒಂದು ದೀಪದ ದೆಸೆಯಿಂದ. ಆ ಕಥೆ ಹೇಳ್ತೀನಿ.

ಎರಡನೇ ಮಹಡಿಯಲ್ಲಿ ಒಂದು ದೀಪದ ಬೋರ್ಡ್ ಇದೆ. ಐದು ಸಾಲು, ಸಾಲಿಗೆ ಐದು, ಒಟ್ಟು ಇಪ್ಪತ್ತೈದು ದೀಪ, ಪ್ರತಿ ದೀಪನೂ ಒಂದು ಬಟನ್. ಒಂದನ್ನ ಒತ್ತಿದ್ರೆ ಅದು ಮಾತ್ರ ಅಲ್ಲ, ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ ಅಂಟಿಕೊಂಡಿರೋ ದೀಪಗಳೂ ಬದಲಾಗ್ತವೆ, ಉರೀತಿದ್ರೆ ಆರುತ್ತೆ, ಆರಿದ್ರೆ ಉರಿಯುತ್ತೆ. ಎಲ್ಲಾನೂ ಆರಿಸ್ಬೇಕು, ಅಷ್ಟೇ ಆಟ. ಅಷ್ಟೇ ಅಂತ ಶುರು ಮಾಡಿದೋರು ಊಟ ಮರೆತು ನಿಂತಿರ್ತಾರೆ.

ದಿನಾ ಬೆಳಿಗ್ಗೆ ಆ ಬೋರ್ಡಿಗೆ ಹೊಸ ಒಗಟು ಹಾಕೋದು ದೊಡ್ಡಮ್ಮನ ಕೆಲಸ. ಅವರ ಪದ್ಧತಿ ಏನಂದ್ರೆ, ಮೊದಲು ಎಲ್ಲಾ ಆರಿಸಿಕೊಂಡು, ಆಮೇಲೆ ಕೈಗೆ ಸಿಕ್ಕ ಹತ್ತು ಹನ್ನೆರಡು ಬಟನ್ ಒತ್ತಿ ಎದ್ದು ಬರೋದು. ಯಾವ ದೀಪ ಉರೀತಿದೆ ಅಂತ ತಿರುಗಿ ಕೂಡ ನೋಡ್ತಿರಲಿಲ್ಲ. ಯಾಕೆ ಹೀಗೆ ಅಂತ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಆಮೇಲೆ ಹೊಸ ಸೂಪರ್‌ವೈಸರ್ ಬಂದ್ರು. ಕೆಟ್ಟೋರಲ್ಲ, ಆದ್ರೆ ಬಂದ ವಾರದಲ್ಲೇ ಏನಾದ್ರೂ ಬದಲಾಯಿಸದೇ ಇದ್ರೆ ನಿದ್ದೆ ಬರದ ಜಾತಿ. ಬೋರ್ಡಿಗೆ ಒಂದು ರಿಮೋಟ್ ಹಾಕಿಸಿದ್ರು. ಆ ರಿಮೋಟಲ್ಲಿ ಯಾವ ದೀಪ ಬೇಕೋ ಅದೊಂದನ್ನೇ ಉರಿಸಬಹುದು, ಅಕ್ಕಪಕ್ಕದವು ಅಲುಗಾಡಲ್ಲ. ಒಗಟು ಹಾಕೋದು ಇನ್ಮೇಲೆ ನಾನೇ ಅಂದ್ರು. "ಅಷ್ಟೊಂದು ದೀಪ ಉರೀತಿದ್ರೆ ಮಕ್ಕಳು ಹೆದರ್ಕೋತವೆ, ಸುಲಭದ್ದು ಹಾಕೋಣ" ಅಂತ ಮೇಲಿನ ಎಡ ಮೂಲೆಯಲ್ಲಿ ಒಂದೇ ಒಂದು ದೀಪ ಉರಿಸಿ, ಮೇಲೆ "ಮೊದಲ ಹಂತ: ಅತಿ ಸುಲಭ" ಅಂತ ಬೋರ್ಡ್ ತಗುಲಿಸಿದ್ರು.

ಹನ್ನೊಂದು ದಿನ ಆ ದೀಪ ಯಾರಿಂದಲೂ ಆರಲಿಲ್ಲ.

ಮಕ್ಕಳು ಸೋತ್ರು, ಮಕ್ಕಳ ಅಪ್ಪಂದಿರು "ಸರಿಯೋ ಆಚೆ" ಅಂತ ಮುಂದೆ ಬಂದು ಸೋತ್ರು, ಶಾಲೆ ಟೀಚರುಗಳು ಸೋತು ಮಕ್ಕಳನ್ನ ಬೇರೆ ಕಡೆ ಕರ್ಕೊಂಡು ಹೋದ್ರು. ದೂರಿನ ಪುಸ್ತಕದಲ್ಲಿ ದಿನಾ ಒಂದೇ ಮಾತು: ಬಟನ್ ಕೆಟ್ಟಿದೆ. ಒಬ್ಬರು ಮಾತ್ರ "ಅತಿ ಸುಲಭ ಅಂತ ಬರೆದವರನ್ನು ಭೇಟಿಯಾಗಬೇಕು" ಅಂತ ಬರೆದು ಫೋನ್ ನಂಬರ್ ಕೊಟ್ಟಿದ್ರು.

ಸೂಪರ್‌ವೈಸರ್ ದೊಡ್ಡಮ್ಮನ್ನ ಕರೆಸಿದ್ರು. ನನಗೆ ಕಾಲೇಜಿಗೆ ರಜೆ, ದೊಡ್ಡಮ್ಮನಿಗೆ ಊಟದ ಡಬ್ಬಿ ಕೊಡೋಕೆ ಹೋಗಿದ್ದೆ, ಹಾಗಾಗಿ ಎಲ್ಲಾ ಕೇಳಿಸ್ಕೊಂಡೆ.

"ಏನಮ್ಮಾ, ಇಪ್ಪತ್ತೈದರಲ್ಲಿ ಒಂದು ಬಟನ್ ಕೆಟ್ಟಿರೋದು ಹುಡುಕೋಕೆ ಹನ್ನೊಂದು ದಿನ ಬೇಕಾ?"

"ಕೆಟ್ಟಿಲ್ಲ ಸಾರ್. ಎಲ್ಲಾ ಮೀಟರ್ ಹಾಕಿ ನೋಡ್ದೆ. ಎರಡು ಸಲ."

"ಹಂಗಾದ್ರೆ ದೀಪ ಯಾಕೆ ಆರ್ತಿಲ್ಲ?"

"ಆರಲ್ಲ ಅನ್ಸುತ್ತೆ ಸಾರ್."

"ಅನ್ಸುತ್ತೆ! ಇಪ್ಪತ್ತು ದೀಪ ಆರ್ತಿದ್ದ ಬೋರ್ಡು, ಒಂದು ದೀಪ ಆರಲ್ವಂತೆ. ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ, ಹಂಗಾಯ್ತು."

ದೊಡ್ಡಮ್ಮ ನೆಲ ನೋಡಿದ್ರು. ಡೊಂಕಿದ್ಯಾ ಅಂತ ನಿಜವಾಗ್ಲೂ ನೋಡಿದ್ರೇನೋ ಅನ್ನಿಸ್ತು ನನಗೆ.

ಸೂಪರ್‌ವೈಸರ್ ವಿಷಯ ಮುಗಿಸಿದ್ರು. ಗುರುವಾರ ಹನ್ನೊಂದು ಗಂಟೆಗೆ ಡೈರೆಕ್ಟರ್ ಮೇಡಂ ಬರ್ತಾರೆ. ಅಷ್ಟರೊಳಗೆ ಆ ದೀಪ ಆರಿರ್ಬೇಕು, ಅದೂ ಬಟನ್ ಒತ್ತಿ, ಕರೆಂಟ್ ತೆಗೆದು ಹಾಕಿ ಅಲ್ಲ. ಇಲ್ಲಾಂದ್ರೆ ರಿಪೇರಿ ಎಲ್ಲಾ ಹೊರಗಿನ ಕಂಪನಿಗೆ, ಮೆಟ್ಟಿಲ ಕೆಳಗಿನ ಕೋಣೆ ಅವರಿಗೆ, ದೊಡ್ಡಮ್ಮನಿಗೆ ಚಪ್ಪಲಿ ಸ್ಟ್ಯಾಂಡು. "ನೆರಳಲ್ಲೇ ಇದೆ, ಕೂತ್ಕೊಂಡೇ ಮಾಡೋ ಕೆಲಸ" ಅಂತ ಸಮಾಧಾನಾನೂ ಹೇಳಿದ್ರು.

ಅವತ್ತು ಶನಿವಾರ.

ಭಾನುವಾರ ನಾನು ದೊಡ್ಡಮ್ಮನ ಮನೆಗೆ ಹೋದಾಗ ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ರು. "ಬಾ ಪುಟ್ಟಿ, ನಿಮ್ಮ ದೊಡ್ಡಮ್ಮ ನನ್ನ ಕಟಿಂಗ್ ಪೇಪರ್ ಮೇಲೆ ಯಾರದ್ದೋ ಜಾತಕ ಬರೀತಿದ್ದಾಳೆ. ಆ ಪೇಪರಲ್ಲಿ ಎರಡು ಕೋಟು ಬರ್ತಿತ್ತು."

ಒಳಗೆ ನೆಲದ ಮೇಲೆ, ದೊಡ್ಡಪ್ಪ ಬಟ್ಟೆ ಅಳತೆ ಕತ್ತರಿಸೋ ಕಂದು ಕಾಗದ ಚಾಪೆ ಥರ ಹಾಸಿ ದೊಡ್ಡಮ್ಮ ಅದರ ಮೇಲೇ ಕೂತಿದ್ರು. ಬಟನ್ನುಗಳಿಗೆ ಒಂದರಿಂದ ಇಪ್ಪತ್ತೈದರವರೆಗೂ ನಂಬರ್ ಕೊಟ್ಟಿದ್ರು, ಮೇಲಿನ ಸಾಲು ಒಂದರಿಂದ ಐದು, ಅದರ ಕೆಳಗೆ ಆರರಿಂದ ಹತ್ತು, ಹಿಂಗೇ. ಕಾಗದದ ಮೇಲೆ ಇಪ್ಪತ್ತೈದು ಸಾಲು.

"ಏನು ದೊಡ್ಡಮ್ಮ ಇದು?"

"ಮೆಟ್ಟಿಲ ದೀಪ."

ನಾನು ಕಾದೆ. ದೊಡ್ಡಮ್ಮನ ಹತ್ರ ಕಾಯ್ಬೇಕು. ಅರ್ಧ ಕಪ್ಪು ಟೀ ಆದ್ಮೇಲೆ ಬಂತು. ಮೆಟ್ಟಿಲಿಗೆ ಹಾಕೋ ದೀಪಕ್ಕೆ ಕೆಳಗೊಂದು ಸ್ವಿಚ್ಚು ಮೇಲೊಂದು ಸ್ವಿಚ್ಚು ಇರುತ್ತಲ್ಲ, ಯಾವುದು ಒತ್ತಿದ್ರೂ ದೀಪ ಬದಲಾಗುತ್ತೆ, ಎರಡೂ ಒತ್ತಿದ್ರೆ ಮೊದಲಿದ್ದ ಹಾಗೇ. ಈ ಬೋರ್ಡೂ ಅಷ್ಟೇ. ಒಂದು ಬಟನ್ ಎರಡು ಸಲ ಒತ್ತಿದ್ರೂ ಒಂದೇ, ಒತ್ತದೇ ಇದ್ರೂ ಒಂದೇ. ಯಾವುದು ಮೊದಲು ಯಾವುದು ಆಮೇಲೆ ಅನ್ನೋದೂ ಲೆಕ್ಕಕ್ಕಿಲ್ಲ. ಹಾಗಾಗಿ ಪ್ರತಿ ಬಟನ್ನಿಗೂ ಎರಡೇ ಗತಿ: ಒತ್ತೋದು, ಇಲ್ಲ ಬಿಡೋದು. ಒಂದು, ಇಲ್ಲ ಸೊನ್ನೆ.

ಇದೇ ನಮಗೆ ಕಾಲೇಜಲ್ಲಿ ಪೂರ್ತಿ ಒಂದು ಸೆಮಿಸ್ಟರ್ ಹೇಳಿಕೊಟ್ಟಿದ್ದು, ಸೊನ್ನೆ ಮತ್ತು ಒಂದು ಎರಡೇ ಇರೋ ಲೋಕ, ಅಲ್ಲಿ ಒಂದಕ್ಕೆ ಒಂದು ಕೂಡಿದ್ರೆ ಸೊನ್ನೆ, ನಾನು ಪರೀಕ್ಷೆ ಬರೆದು ಪಾಸೂ ಆಗಿದ್ದೆ, ಆದ್ರೆ ಅದು ಎಲ್ಲಾದ್ರೂ ಇರುತ್ತೆ ಅಂತ ನನಗೆ ಅನ್ನಿಸಿರಲೇ ಇಲ್ಲ!

"ದೊಡ್ಡಮ್ಮ, ಇದಕ್ಕೆ ಹೆಸರಿದೆ! ಮಾಡ್ಯುಲೋ ಟೂ ಅಂತಾರೆ!"

"ಇರ್ಲಿ ಬಿಡು" ಅಂದ್ರು, ಪಕ್ಕದ ಮನೆ ಮಗೂಗೆ ನಾಮಕರಣ ಆಯ್ತು ಅನ್ನೋ ಹಾಗೆ.

ಆ ಇಪ್ಪತ್ತೈದು ಸಾಲೂ ಇಪ್ಪತ್ತೈದು ಇಕ್ವೇಶನ್. ಮೂಲೆಯ ಒಂದನೇ ದೀಪವನ್ನ ಮುಟ್ಟೋದು ಮೂರೇ ಬಟನ್ನು: ಒಂದು, ಎರಡು, ಆರು. ಅದು ಈಗ ಉರೀತಿದೆ, ಆರಬೇಕು, ಅಂದ್ರೆ ಆ ಮೂರರಲ್ಲಿ ಒತ್ತಿದ್ದು ಬೆಸ ಸಂಖ್ಯೆ ಆಗಿರ್ಬೇಕು. ಹಾಗಾಗಿ ಮೊದಲ ಸಾಲು: ಒಂದು, ಎರಡು, ಆರು, ಬಲಗಡೆ ಒಂದು. ಎರಡನೇ ದೀಪ ಆರಿದೆ, ಆರಿದ್ದ ಹಾಗೇ ಇರ್ಬೇಕು. ಅದನ್ನ ಮುಟ್ಟೋದು ಒಂದು, ಎರಡು, ಮೂರು, ಏಳು, ಬಲಗಡೆ ಸೊನ್ನೆ. ಈಗ ಈ ಎರಡು ಸಾಲು ಕೂಡಿದ್ರೆ, ಎರಡರಲ್ಲೂ ಇರೋ ಒಂದು ಮತ್ತು ಎರಡು ಹೊಡೆದು ಹೋಗ್ತವೆ. ಉಳಿಯೋದು ಮೂರು, ಆರು, ಏಳು, ಬಲಗಡೆ ಒಂದು. ಹೀಗೆ ಕೂಡ್ತಾ ಕೂಡ್ತಾ ಒಂದೊಂದೇ ಬಟನ್ನನ್ನ ಆಚೆ ಹಾಕ್ತಾ ಹೋಗೋದು. ಯಾವ್ಯಾವ ದೀಪದ ಸಾಲು ಕೂಡಿದ್ದು ಅನ್ನೋದನ್ನ ದೊಡ್ಡಮ್ಮ ಅಂಚಲ್ಲಿ ಸಣ್ಣದಾಗಿ ಬರ್ಕೋತಿದ್ರು, ರಿಪೇರಿಗೆ ಬಿಚ್ಚಿದ ವೈರಿಗೆ ಚೀಟಿ ಕಟ್ಟೋ ಅಭ್ಯಾಸ.

"ನಾನು ಲ್ಯಾಪ್‌ಟಾಪಲ್ಲಿ ಪ್ರೋಗ್ರಾಮ್ ಬರೆದುಬಿಡ್ಲಾ? ಒಂದು ನಿಮಿಷ ಸಾಕು" ಅಂದೆ.

"ಬರಿ" ಅಂದ್ರು.

ನನ್ನ ಪ್ರೋಗ್ರಾಮಿನ ತಪ್ಪು ಹುಡುಕೋದ್ರಲ್ಲಿ ಮಧ್ಯಾಹ್ನ ಕಳೀತು. ಮೂರೂವರೆ ಹೊತ್ತಿಗೆ ದೊಡ್ಡಮ್ಮ ಪೆನ್ಸಿಲ್ ಕೆಳಗಿಟ್ರು.

"ಏನಾಯ್ತು?"

"ಒಂದು ಸಾಲಲ್ಲಿ ಬಟನ್ನೇ ಉಳಿದಿಲ್ಲ."

ನೋಡಿದೆ. ಎಡಗಡೆ ಎಲ್ಲಾ ಹೊಡೆದು ಹೋಗಿ ಖಾಲಿ, ಬಲಗಡೆ ಮಾತ್ರ ಒಂದು ಅಂತ ಕೂತಿದೆ. ಯಾವ ಬಟನ್ ಒತ್ತಿದ್ರೂ ಬಿಟ್ರೂ, ಸೊನ್ನೆ ಅನ್ನೋದು ಒಂದಕ್ಕೆ ಸಮ ಆಗ್ಬೇಕಂತೆ. ಆಗೋದಿಲ್ಲ. ಅಂದ್ರೆ ಉತ್ತರವೇ ಇಲ್ಲ! ಆ ದೀಪ ಯಾರಿಂದಲೂ ಯಾವತ್ತೂ ಆರಲ್ಲ! ನಾನು ಎದ್ದು ಕುಣಿದುಬಿಟ್ಟೆ. ದೊಡ್ಡಮ್ಮ ಕುಣೀಲಿಲ್ಲ. ಕಾಗದ ತಿರುಗಿಸಿ, ಕೆಳಗಿನ ಮೂಲೆಯಿಂದ ಶುರು ಮಾಡಿ ಪೂರ್ತಿ ಇನ್ನೊಂದ್ಸಲ ಮಾಡಿದ್ರು. ಅದೇ ಬಂತು. ಆಮೇಲೆ ಟೀ ಬಿಸಿ ಮಾಡ್ಕೊಂಡ್ರು.

"ಈಗ ಇದನ್ನ ತಗೊಂಡು ಹೋಗಿ ಸೂಪರ್‌ವೈಸರ್ ಮುಖಕ್ಕೆ ಹಿಡೀಬೇಕು" ಅಂತ ನಾನು.

ದೊಡ್ಡಪ್ಪ ಕತ್ತರಿ ನಿಲ್ಲಿಸಿದ್ರು. "ಅವನಿಗೆ ಇದು ಕೋಟಿನ ಅಳತೆ ಥರ ಕಾಣುತ್ತೆ. ನನಗೇ ಹಾಗೆ ಕಾಣ್ತಿದೆ. ಕೈಗೆ ಸಿಗೋ ಥರ ಏನಾದ್ರೂ ತೋರಿಸು."

ದೊಡ್ಡಮ್ಮ ಆ ಖಾಲಿ ಸಾಲಿನ ಅಂಚು ನೋಡಿದ್ರು. ಅಲ್ಲಿ ಹನ್ನೆರಡು ದೀಪದ ನಂಬರ್ ಇತ್ತು: ಒಂದು, ಮೂರು, ಐದು, ಆರು, ಎಂಟು, ಹತ್ತು, ಹದಿನಾರು, ಹದಿನೆಂಟು, ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ಮೂರು, ಇಪ್ಪತ್ತೈದು. ಬೋರ್ಡಲ್ಲಿ ನೋಡಿದ್ರೆ, ಮಧ್ಯದ ಸಾಲು ಬಿಟ್ಟು ಉಳಿದ ನಾಲ್ಕೂ ಸಾಲಲ್ಲಿ ಒಂದು ಬಿಟ್ಟು ಒಂದು. ಕೋಟಿನ ಗುಂಡಿ ಥರ ಅಚ್ಚುಕಟ್ಟು.

"ಈ ಹನ್ನೆರಡರ ಸಾಲು ಕೂಡಿದ್ರೆ ಎಲ್ಲಾ ಬಟನ್ನೂ ಹೊಡೆದು ಹೋಗುತ್ತೆ" ಅಂದ್ರು ದೊಡ್ಡಮ್ಮ ನಿಧಾನಕ್ಕೆ. "ಅಂದ್ರೆ ಯಾವ ಬಟನ್ ಒತ್ತಿದ್ರೂ ಈ ಹನ್ನೆರಡರಲ್ಲಿ ಎರಡು ಬದಲಾಗುತ್ತೆ. ಇಲ್ಲಾ ಒಂದೂ ಬದಲಾಗಲ್ಲ."

ಒಂದೊಂದೇ ಬಟನ್ ಮೇಲೆ ಬೆರಳಿಟ್ಟು ಎಣಿಸಿದ್ವಿ, ಇಪ್ಪತ್ತೈದೂ. ಎರಡು, ಎರಡು, ಎರಡು, ಕೆಲವು ಕಡೆ ಸೊನ್ನೆ. ಒಂದೇ ಒಂದು ಕಡೆಯೂ ಬೆಸ ಬರಲಿಲ್ಲ. ಎರಡೂ ಉರಿದ್ರೆ ಎರಡು ಹೆಚ್ಚು, ಎರಡೂ ಆರಿದ್ರೆ ಎರಡು ಕಡಿಮೆ, ಒಂದು ಉರಿದು ಒಂದು ಆರಿದ್ರೆ ಇದ್ದಷ್ಟೇ. ಮೂಲೆ ದೀಪ ಈ ಹನ್ನೆರಡರಲ್ಲಿದೆ, ಅದೊಂದೇ ಉರೀತಿದೆ. ಒಂದರಿಂದ ಶುರುವಾದ್ರೆ ಒಂದು, ಮೂರು, ಐದು ಹೀಗೆ ಬೆಸದಲ್ಲೇ ಓಡಾಡ್ಬೇಕು. ಸೊನ್ನೆಗೆ ಬರೋ ದಾರಿಯೇ ಇಲ್ಲ.

"ಹಂಗಾದ್ರೆ ನೀವು ದಿನಾ ಹಾಕ್ತಿದ್ದ ಒಗಟು?" ಅಂತ ಕೇಳಿದೆ.

"ಎಲ್ಲಾ ಆರಿದ್ಮೇಲೆ ಬಟನ್ ಒತ್ತಿ ಹಾಕ್ತಿದ್ದೆ. ಅವನ್ನೇ ಇನ್ನೊಂದ್ಸಲ ಒತ್ತಿದ್ರೆ ಆರುತ್ತೆ." ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಸಾರ್ ದೀಪ ನೋಡಿ ಹಾಕ್ತಾರೆ" ಅಂದ್ರು. ದೊಡ್ಡಮ್ಮನ ಬಾಯಲ್ಲಿ ಇದು ಬೈಗುಳಕ್ಕೆ ಹತ್ರ.

ಗುರುವಾರ ಹನ್ನೊಂದಕ್ಕೆ ಡೈರೆಕ್ಟರ್ ಮೇಡಂ ಬಂದ್ರು. ಕುತ್ತಿಗೇಲಿ ಕನ್ನಡಕ, ಕೈಯಲ್ಲಿ ಫೈಲು, ಮುಖದಲ್ಲಿ ಇನ್ನೂ ನಾಲ್ಕು ಕಡೆ ಹೋಗ್ಬೇಕು ಅನ್ನೋ ಕಳೆ. ಸೂಪರ್‌ವೈಸರ್ ಪಕ್ಕದಲ್ಲಿ ನಿಂತ್ರು. ಮೂಲೆ ದೀಪ ಉರೀತಾನೇ ಇತ್ತು. ದೊಡ್ಡಮ್ಮ ಬೆಳಿಗ್ಗೆ ಎಲ್ಲಾ ಬಟನ್ನಿಗೂ ನಂಬರ್ ಬರೆದು, ಆ ಹನ್ನೆರಡು ದೀಪದ ಕೆಳಗೆ ಮಾತ್ರ ಕೆಂಪು ಟೇಪ್ ಅಂಟಿಸಿದ್ರು.

"ಮೇಡಂ, ನೋಡಿ" ಅಂದ್ರು ಸೂಪರ್‌ವೈಸರ್. "ಐದು ದಿನ ಟೈಮ್ ಕೊಟ್ಟಿದ್ದೆ. ದೀಪ ಆರಿಸಿ ಅಂದ್ರೆ ಟೇಪ್ ಅಂಟಿಸಿದ್ದಾರೆ."

"ಆರಲ್ಲ ಮೇಡಂ" ಅಂದ್ರು ದೊಡ್ಡಮ್ಮ.

"ಯಾಕೆ?"

ಎಲ್ಲರೂ ಕಾದ್ರು. ದೊಡ್ಡಮ್ಮ ಗಂಟಲು ಸರಿ ಮಾಡ್ಕೊಂಡ್ರು. ನಾನು ಗೋಡೆ ಪಕ್ಕ ನಿಂತು ಮನಸ್ಸಲ್ಲೇ ಅಂತಿದ್ದೆ, ಹೇಳಿ ದೊಡ್ಡಮ್ಮ, ಒಂದು ವಾಕ್ಯ ಹೇಳಿ ಸಾಕು!

"ನೀವು ಒತ್ತಿ. ಸಾರ್ ಟೇಪಿರೋದನ್ನ ಎಣಿಸ್ಲಿ" ಅಂದ್ರು.

ಮೇಡಂ ಫೈಲು ಪಕ್ಕಕ್ಕಿಟ್ಟು ನಟ್ಟ ನಡುವಿನ ಬಟನ್ ಒತ್ತಿದ್ರು.

"ಮೂರು" ಅಂದ್ರು ಸೂಪರ್‌ವೈಸರ್.

ಅದರ ಎಡಗಡೇದು ಒತ್ತಿದ್ರು. "ಮೂರೇ." ಮೂಲೇದು ಒತ್ತಿದ್ರು. "ಮೂರು." ಕೆಳಗೆ ಎಲ್ಲೋ ಒತ್ತಿದ್ರು, ಎರಡು ಕೈಯಲ್ಲೂ ಒತ್ತಿದ್ರು, ಕೊನೆಗೆ ಕಣ್ಣು ಮುಚ್ಚಿ ಪಟಪಟ ಒತ್ತಿದ್ರು. "ಐದು. ಐದು. ಏಳು. ಐದು. ಮೂರು." ಸೂಪರ್‌ವೈಸರ್ ದನಿ ಒಂದೊಂದು ಅಂಕಿಗೂ ಸಣ್ಣ ಆಗ್ತಾ ಬಂತು. ಕಾಲು ಗಂಟೆ ಆಯ್ತು. ಎರಡು ಅಂತ ಬರಲಿಲ್ಲ, ನಾಲ್ಕು ಅಂತ ಬರಲಿಲ್ಲ.

ಮೇಡಂ ಕನ್ನಡಕ ಹಾಕ್ಕೊಂಡ್ರು. "ಸೊನ್ನೆ ಸಮಸಂಖ್ಯೆ" ಅಂದ್ರು, ಯಾರಿಗೂ ಹೇಳಿದ್ದಲ್ಲ.

"ಹೂಂ ಮೇಡಂ."

ಸೂಪರ್‌ವೈಸರ್ ಸುಮ್ಮನೆ ಸೋಲೋರಲ್ಲ. "ಬಟನ್ ಕೆಟ್ಟಿದ್ರೂ ಹಿಂಗೇ ಬರಬಹುದಲ್ಲ ಮೇಡಂ? ಒಂದು ದೀಪ ಹಾಕಿದ್ರೆ ಆರಲ್ಲ ಅಂದ್ರೆ ಯಾರು ನಂಬ್ತಾರೆ?"

ದೊಡ್ಡಮ್ಮ ಜೇಬಿಂದ ಒಂದು ಚೀಟಿ ತೆಗೆದ್ರು. "ನಡುವಿನ ದೀಪ ಒಂದೇ ಹಾಕಿ ಸಾರ್. ನಿಮ್ಮ ರಿಮೋಟಲ್ಲೇ."

ಅವರು ಹಾಕಿದ್ರು. ಬೋರ್ಡಿನ ಮಧ್ಯೆ ಹದಿಮೂರನೇ ದೀಪ ಒಂದೇ ಉರೀತು. ದೊಡ್ಡಮ್ಮ ಚೀಟಿಯನ್ನ ಸೂಪರ್‌ವೈಸರ್ ಕೈಗೇ ಕೊಟ್ರು. ಅದರಲ್ಲಿ ಹನ್ನೊಂದು ನಂಬರ್: ನಾಲ್ಕು, ಐದು, ಎಂಟು, ಹನ್ನೆರಡು, ಹದಿಮೂರು, ಹದಿನೈದು, ಹದಿನಾರು, ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ಮೂರು, ಇಪ್ಪತ್ನಾಲ್ಕು.

"ಇದೇ ಕ್ರಮದಲ್ಲಾ?"

"ಯಾವ ಕ್ರಮದಲ್ಲಾದ್ರೂ."

ನಂಬಿಕೆ ಇಲ್ಲದೋರು ಹೇಗೆ ಒತ್ತಬಹುದೋ ಹಾಗೆ, ಕೆಳಗಿಂದ ಮೇಲೆ ಒತ್ತಿದ್ರು. ಬೋರ್ಡು ನಡುನಡುವೆ ಹುಚ್ಚು ಹಿಡಿದ ಹಾಗೆ ಉರೀತು, ಸೂಪರ್‌ವೈಸರ್ ಮುಖದಲ್ಲಿ ನಗು ಕೂಡ ಬಂತು. ಹತ್ತನೇದು ಒತ್ತಿದಾಗ ಮೇಲಿನ ಸಾಲಲ್ಲಿ ನಾಲ್ಕನೇ ಬಟನ್ ಸುತ್ತ ಒಂದಿಷ್ಟು ದೀಪ ಉಳಿದಿತ್ತು. ಹನ್ನೊಂದನೇದು ಒತ್ತಿದ್ರು. ಇಪ್ಪತ್ತೈದೂ ಆರಿ, ಬೋರ್ಡು ಕಪ್ಪಗಾಯ್ತು. ನಾನು ಕಿರುಚಿಬಿಟ್ಟೆ. ಯಾರೂ ನನ್ನ ಕಡೆ ನೋಡಲಿಲ್ಲ, ಎಲ್ಲರೂ ಆ ಕಪ್ಪು ಬೋರ್ಡನ್ನೇ ನೋಡ್ತಿದ್ರು.

"ಬಟನ್ ಚೆನ್ನಾಗಿವೆ ಸಾರ್" ಅಂದ್ರು ದೊಡ್ಡಮ್ಮ.

ಮೇಡಂ ಕೇಳಿದ್ರು, "ಒಂದೇ ದೀಪ ಹಾಕಿದ್ರೆ ಎಷ್ಟು ಕಡೆ ಆರುತ್ತೆ, ಎಷ್ಟು ಕಡೆ ಇಲ್ಲ?"

"ಐದು ಕಡೆ ಆರುತ್ತೆ. ಇಪ್ಪತ್ತು ಕಡೆ ಆರಲ್ಲ. ಈ ಟೇಪಿನ ಚಿತ್ರ ಅಡ್ಡಕ್ಕೆ ತಿರುಗಿಸಿದ್ರೆ ಇನ್ನೊಂದು ಹನ್ನೆರಡು ಬರುತ್ತೆ ಮೇಡಂ, ಅದರಲ್ಲೂ ಹಿಂಗೇ. ಎರಡರಲ್ಲೂ ಸಮ ಇದ್ರೆ ಆರುತ್ತೆ."

ಇಪ್ಪತ್ಮೂರು ವರ್ಷದಲ್ಲಿ ದೊಡ್ಡಮ್ಮ ಆ ಕಟ್ಟಡದಲ್ಲಿ ಆಡಿದ ಅತಿ ಉದ್ದದ ಮಾತು ಇದು ಅಂತ ಟಿಕೆಟ್ ಕೌಂಟರಿನ ಅಣ್ಣ ಆಮೇಲೆ ಹೇಳಿದ್ರು.

ಮೇಡಂ ಅಲ್ಲೇ ನಿಂತು ತೀರ್ಮಾನ ಹೇಳಿದ್ರು. ಹೊರಗಿನ ಕಂಪನಿ ಬೇಡ. ಒಗಟು ಹಾಕೋದು ಇನ್ಮೇಲೆ ದೊಡ್ಡಮ್ಮ ಒಬ್ಬರೇ, ರಿಮೋಟ್ ಅವರ ಕೋಣೆಯಲ್ಲೇ ಇರ್ಲಿ. ಸೂಪರ್‌ವೈಸರ್ ರಿಮೋಟ್ ಕೊಟ್ರು, ಬ್ಯಾಟರಿ ಹೊಸದು ಅಂತಾನೂ ಹೇಳಿದ್ರು, ಪಾಪ. ದೊಡ್ಡಮ್ಮ ಆಗಲೇ ಮೆಟ್ಟಿಲ ಕಡೆ ತಿರುಗಿದ್ರು, ಸರಿಯಾಯ್ತಲ್ಲ, ಒಳಗೆ ಹೋಗೋ ಹೊತ್ತು.

"ಒಂದು ನಿಮಿಷ" ಅಂದ್ರು ಮೇಡಂ. "ಆ ಆರದೇ ಇರೋ ಮೂಲೆ ದೀಪಾನೂ ಇರ್ಲಿ, ಟೇಪೂ ಇರ್ಲಿ, ದಿನದ ಒಗಟಿಗೆ ಪಕ್ಕದಲ್ಲಿ ಇನ್ನೊಂದು ಬೋರ್ಡ್ ಮಾಡಿ. ದಿನಾ ಹನ್ನೊಂದಕ್ಕೊಂದ್ಸಲ, ಮೂರಕ್ಕೊಂದ್ಸಲ ಜನರಿಗೆ ನೀವೇ ವಿವರಿಸಿ. ಇವತ್ತು ನನಗೆ ಹೇಳಿದ ಹಾಗೇ."

ದೊಡ್ಡಮ್ಮ ಮೊದಲನೇ ಸಲ ಹೆದರಿದ್ದನ್ನ ನಾನು ನೋಡಿದೆ. ಚಪ್ಪಲಿ ಸ್ಟ್ಯಾಂಡ್ ಅಂದಾಗಲೂ ಆ ಮುಖ ಬಂದಿರಲಿಲ್ಲ.

ಮುಂದಿನ ಸೋಮವಾರ ಮೂರು ಗಂಟೆಗೆ ಮೊದಲ ಭಾಷಣ. ದೊಡ್ಡಪ್ಪ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದಿದ್ರು. ಹದಿನಾಲ್ಕು ಜನ ಸೇರಿದ್ರು. ದೊಡ್ಡಮ್ಮ ಬೋರ್ಡಿನ ಪಕ್ಕ ನಿಂತು ಹೇಳಿದ್ರು: "ಇದು ಆರಲ್ಲ. ಯಾವುದು ಒತ್ತಿದ್ರೂ ಕೆಂಪು ಟೇಪಿಂದು ಎರಡು ಬದಲಾಗುತ್ತೆ, ಇಲ್ಲ ಒಂದೂ ಇಲ್ಲ. ಶುರುವಲ್ಲಿ ಒಂದು ಉರೀತಿದೆ. ಎರಡೆರಡೇ ತೆಗೆದ್ರೆ ಒಂದು ಉಳಿಯುತ್ತೆ. ನಮಸ್ಕಾರ."

ದೊಡ್ಡಪ್ಪ ಗಡಿಯಾರ ನೋಡಿದ್ರು. "ಹದಿನೆಂಟು ಸೆಕೆಂಡು. ಮದುವೇಲಿ ಇಷ್ಟೂ ಮಾತಾಡಿರಲಿಲ್ಲ."

ಹದಿಮೂರು ಜನ ಚಪ್ಪಾಳೆ ತಟ್ಟಿ ಮುಂದೆ ಹೋದ್ರು. ಒಬ್ಬರು ಮಾತ್ರ, ವಯಸ್ಸಾದ ರಿಟೈರ್ಡ್ ಮೇಷ್ಟ್ರು, ಅಂಗಿ ತೋಳು ಮಡಿಸಿ ಬಟನ್ ಒತ್ತೋಕೆ ಶುರು ಮಾಡಿದ್ರು. ದೊಡ್ಡಮ್ಮ ನೋಡಿದ್ರು. ಅವರು ಒತ್ತಿದ್ರು, ಎಣಿಸಿದ್ರು, ಒತ್ತಿದ್ರು, ತಲೆ ಕೆರ್ಕೊಂಡ್ರು.

"ಆರಲ್ಲ ಸಾರ್" ಅಂದ್ರು ದೊಡ್ಡಮ್ಮ.

"ಗೊತ್ತಮ್ಮ, ಅರ್ಥ ಆಯ್ತು" ಅಂದ್ರು ಮೇಷ್ಟ್ರು, ಬೋರ್ಡಿಂದ ಕಣ್ಣು ತೆಗೀದೇ. "ಆದ್ರೂ ಒಂದ್ಸಲ ನೋಡ್ಬಿಡ್ತೀನಿ."

ದೊಡ್ಡಮ್ಮ ಅವರ ಪಕ್ಕಕ್ಕೆ ಒಂದು ಸ್ಟೂಲು ಎಳೆದು ಹಾಕಿದ್ರು.

"ಐದೂವರೆಗೆ ಬಾಗಿಲು ಹಾಕ್ತೀವಿ" ಅಂತ ಹೇಳಿ ಕೆಳಗಿಳಿದು ಹೋದ್ರು.